ಪಂಚಮಿ ಸೀರೆಗೆ ಆಷಾಢದಲ್ಲೇ ಪೋಸ್ಟ್: ಇಬ್ಬರೇ ನಡೆಸುವ ಬಟ್ಟೆ ಅಂಗಡಿಯ ತಿಂಗಳ ಪಟ್ಟಿ

ಜೇವರ್ಗಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಯಡ್ರಾಮಿಯಂಥ ಊರಿನಲ್ಲಿ ಹೆಣ್ಣುಮಕ್ಕಳ ಬಟ್ಟೆಯ ಒಂದು ಪುಟ್ಟ ಬೊಟಿಕ್ ಇದೆ ಎಂದುಕೊಳ್ಳಿ. ಗಲ್ಲೆಯ ಮೇಲೆ ಒಡತಿ, ಕೈಗೆ ಒಬ್ಬ ಸಹಾಯಕಿ, ಹೊಲಿಯಲು ಹೊರಗಿನ ಒಬ್ಬ ಟೇಲರ್. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕುರ್ತಾ, ಮಕ್ಕಳ ಲಂಗ-ದಾವಣಿ, ಇಷ್ಟೇ ಸರಕು. ಗಿರಾಕಿಗಳು ಈಗ ಮೊದಲು ಫೋನಿನಲ್ಲಿ ನೋಡಿ ಆಮೇಲೆ ಅಂಗಡಿಗೆ ಬರುತ್ತಾರೆ. ಹಾಗಾಗಿ ವಾಟ್ಸ್‌ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿಗೆ ಏನಾದರೂ ಹಾಕಲೇಬೇಕು. ಯಾವ ದಿನ ಏನು ಹಾಕುವುದು ಎಂಬುದನ್ನು ತಿಂಗಳಿಗೆ ಮೊದಲೇ ಬರೆದಿಡುವ ಪಟ್ಟಿಗೆ ಕಂಟೆಂಟ್ ಕ್ಯಾಲೆಂಡರ್ ಎನ್ನುತ್ತಾರೆ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲೇ ಅದನ್ನು ಮಾಡಬಹುದು.

ಹೆಚ್ಚಿನವರು ಹಬ್ಬದ ದಿನಕ್ಕೆ ಗುರುತು ಹಾಕಿ, ಅಂದು ಶುಭಾಶಯದ ಚಿತ್ರ ಹಾಕುವುದರಿಂದ ಶುರುಮಾಡುತ್ತಾರೆ. ಆದರೆ ಬಟ್ಟೆ ಅಂಗಡಿಗೆ ಹಬ್ಬದ ದಿನ ವ್ಯಾಪಾರ ಮುಗಿದಿರುತ್ತದೆ. ಪಟ್ಟಿ ಹೊಲಿಗೆ ಯಂತ್ರದಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ನಮ್ಮ ಕಡೆ ಹೆಣ್ಣುಮಕ್ಕಳ ದೊಡ್ಡ ಹಬ್ಬವಾದ ನಾಗರ ಪಂಚಮಿಯನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

2026ರಲ್ಲಿ ಪಂಚಮಿ ಆಗಸ್ಟ್ 17, ಸೋಮವಾರ. ಕೊಟ್ಟ ಮನೆಯಿಂದ ತವರಿಗೆ ಬರುವ ಮಗಳಿಗೆ ಹೊಸ ಸೀರೆ ಬೇಕು, ಅದಕ್ಕೊಪ್ಪುವ ಖಣದ ಜಂಪರ್ ಬೇಕು. ಸೀರೆ ಒಂದು ಗಳಿಗೆಯಲ್ಲಿ ಮಾರಾಟವಾಗುತ್ತದೆ, ಜಂಪರ್ ಹಾಗಲ್ಲ. ಟೇಲರ್ ದಿನಕ್ಕೆ ಐದು ಜಂಪರ್ ಹೊಲಿಯುತ್ತಾರೆ, ಹಬ್ಬಕ್ಕೆ ನಲವತ್ತು ಒಪ್ಪಿಕೊಳ್ಳಬಹುದು ಎಂದಿಟ್ಟುಕೊಂಡರೆ ಎಂಟು ದಿನದ ಕೆಲಸ. ಬಿಗಿ-ಸಡಿಲು ಸರಿಮಾಡಲು ಕೊನೆಯ ಎರಡು ದಿನ ಬಿಟ್ಟರೆ ಎಲ್ಲವೂ ಆಗಸ್ಟ್ 14ಕ್ಕೆ ಸಿದ್ಧವಾಗಬೇಕು. 9ರ ಭಾನುವಾರ, 12ರ ಅಮಾವಾಸ್ಯೆ ರಜೆ ಎಂದು ಕಳೆದರೆ ಹೊಲಿಗೆ 5ಕ್ಕೇ ಶುರುವಾಗಬೇಕು. ಅಳತೆ ತೆಗೆದುಕೊಳ್ಳಲು 8ನೇ ತಾರೀಖು ಕೊನೆ, ಅದಕ್ಕೂ ಮೊದಲೇ ನಲವತ್ತು ಭರ್ತಿಯಾದರೆ ಅಂದೇ ಕೊನೆ. ಗಿರಾಕಿ ನೋಡಿ, ಮನೆಯಲ್ಲಿ ಕೇಳಿ, ಬಿಡುವು ಮಾಡಿಕೊಂಡು ಬರಲು ಎರಡು ವಾರ ಬೇಡವೇ? ಹೀಗೆ ಎಣಿಸಿದರೆ ಪಂಚಮಿ ಸೀರೆಯ ಮೊದಲ ಪೋಸ್ಟ್ ಜುಲೈ ಕೊನೆಯ ವಾರಕ್ಕಿಂತ ಮೊದಲೇ ಬೀಳಬೇಕು. ಆದ್ದರಿಂದ ಈ ‘ತಿಂಗಳು’ ಜುಲೈ 22ರಿಂದ ಆಗಸ್ಟ್ 22ರವರೆಗೆ. ಪಟ್ಟಿ ಒಂದನೇ ತಾರೀಖಿನಿಂದಲೇ ಶುರುವಾಗಬೇಕು ಎಂಬ ನಿಯಮವೇನೂ ಇಲ್ಲ.

ಮುಂದಿನ ಲೆಕ್ಕ ಗಂಟೆಗಳದ್ದು. ಫೋಟೊ ತೆಗೆಯಲು ತಿಂಗಳಿಗೆ ಒಂದು ಬಾರಿ ಮೂರು ಗಂಟೆ. ವಾರಕ್ಕೆ ಮೂರರಂತೆ ಹನ್ನೆರಡು ಪೋಸ್ಟ್, ಒಂದೊಂದಕ್ಕೆ ಇಪ್ಪತ್ತು ನಿಮಿಷವೆಂದರೆ ನಾಲ್ಕು ಗಂಟೆ. ಬಂದ ಮೆಸೇಜುಗಳಿಗೆ ಉತ್ತರಿಸಲು ದಿನಕ್ಕೆ ಕಾಲು ಗಂಟೆ ಎಂದರೂ ತಿಂಗಳಿಗೆ ಏಳೂವರೆ ಗಂಟೆ. ಒಟ್ಟು ಹದಿನಾಲ್ಕೂವರೆ ಗಂಟೆಯಲ್ಲಿ ಅರ್ಧಕ್ಕೂ ಹೆಚ್ಚು ಉತ್ತರಕ್ಕೇ ಹೋಗುತ್ತದೆ. ದಿನಾ ಪೋಸ್ಟ್ ಹಾಕಬೇಕೆಂದು ಹೊರಟ ಸಣ್ಣ ಅಂಗಡಿಗಳು ಎರಡನೇ ವಾರಕ್ಕೇ ಸುಸ್ತಾಗುವುದು ಇದರಿಂದಲೇ. ಪೋಸ್ಟ್ ಹೆಚ್ಚಿದಷ್ಟೂ ಉತ್ತರ ಕೊಡುವ ಕೆಲಸ ಹೆಚ್ಚುತ್ತದೆ, ಉತ್ತರ ಕೊಡಲು ಇರುವ ಕೈ ಮಾತ್ರ ಅಷ್ಟೇ.

ಆ ಹೊರೆ ಇಳಿಯುವುದು ಫೋಟೊದಲ್ಲಿ. ‘ಅಕ್ಕಾ, ಇದರ ರೇಟ್ ಎಷ್ಟ್ರೀ?’ ಎಂಬ ಮೆಸೇಜೇ ಎಲ್ಲಕ್ಕಿಂತ ಹೆಚ್ಚು. ಬೆಲೆಯನ್ನೂ ಕ-14 ಎಂಬಂಥ ಒಂದು ನಂಬರನ್ನೂ ಚೀಟಿಯಲ್ಲಿ ಬರೆದು ಸೀರೆಯ ಪಕ್ಕದಲ್ಲೇ ಇಟ್ಟು ಫೋಟೊ ತೆಗೆದರೆ ಆ ಪ್ರಶ್ನೆ ಬಹುಪಾಲು ನಿಲ್ಲುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯೂ ಸಡಿಲ. ಜುಲೈ 19ರ ಭಾನುವಾರ ಬೆಳಿಗ್ಗೆ, ಗಿರಾಕಿ ಬರುವ ಮೊದಲು, ಹನ್ನೆರಡು ಸೀರೆ, ಎಂಟು ಖಣ, ಜೊತೆಗೆ ಕೆಲವು ಕುರ್ತಾ, ಮಕ್ಕಳ ಲಂಗ ತೆಗೆದರೆ ಸಾಕು. ಟ್ಯೂಬ್‌ಲೈಟ್ ಆರಿಸಿ, ಬಿಸಿಲು ನೇರ ಬೀಳದ ಬಾಗಿಲ ಬಳಿ ಬಿಳಿ ಚಾದರ ಹಾಸಬೇಕು. ಒಂದೊಂದು ಸೀರೆಗೆ ಮೂರು ಫೋಟೊ: ಪೂರ್ತಿ ಮೈ, ದಡಿ, ಸೆರಗು. ಇಳಕಲ್ ಸೀರೆಯಲ್ಲಿ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಆ ತೋಪು-ತೆನೆ ಸೆರಗು ಹತ್ತಿರದಿಂದ ಕಂಡರೆ ಗಿರಾಕಿಯ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ. ತೆಗೆದ ಮೇಲೆ ಫೋನನ್ನು ಸೀರೆಯ ಪಕ್ಕಕ್ಕೆ ಹಿಡಿದು ಬಣ್ಣ ತಾಳೆ ನೋಡಬೇಕು. ಕೆಂಪು ಗುಲಾಬಿಯಾಗಿ ಬಂದಿದ್ದರೆ ಆ ಫೋಟೊ ಬೇಡ. ‘ಫೋನ್‌ದಾಗ ಬ್ಯಾರೇನೇ ಇತ್ತಲ್ರೀ’ ಎಂದು ವಾಪಸ್ ಹೋಗುವ ಗಿರಾಕಿ ಮತ್ತೆ ಬರುವುದು ಕಷ್ಟ. ಯಾವುದೋ ಊರಿನ ಅಂಗಡಿಯ ಚಿತ್ರ ಎತ್ತಿ ಹಾಕುವುದೂ ಇಂಥದೇ ತಪ್ಪು. ಕೇಳಿಕೊಂಡು ಬಂದವರಿಗೆ ಕೊಡಲು ಆ ಬಟ್ಟೆಯೇ ಇರುವುದಿಲ್ಲ, ಚಿತ್ರವೂ ನಮ್ಮದಲ್ಲ.

ಈಗ ಪಟ್ಟಿ ತುಂಬುವುದು ಸಲೀಸು. ಜುಲೈ 22ರಿಂದ ಆಗಸ್ಟ್ 1ರವರೆಗೆ ಸೀರೆ ಮತ್ತು ಅದಕ್ಕೊಪ್ಪುವ ಖಣ, ಜೋಡಿಯಾಗಿ. 2ರಿಂದ 8ರವರೆಗೆ ಅದೇ ಸರಕು, ಆದರೆ ಪ್ರತಿ ಪೋಸ್ಟಿನ ಮೊದಲ ಸಾಲು ‘ಹಬ್ಬದ ಹೊಲಿಗೆಗೆ ಆಗಸ್ಟ್ 8 ಕೊನೆ’. 9ರಿಂದ 14ರವರೆಗೆ ಕುರ್ತಾ, ಮಕ್ಕಳ ಲಂಗದಂಥ ಸಿದ್ಧ ಉಡುಪು ಮಾತ್ರ. ಈ ವಾರ ಖಣದ ಫೋಟೊ ಹಾಕಿದರೆ ಹೊಲಿಸಿಕೊಡಲಾಗದ ಗಿರಾಕಿಯನ್ನು ಕೈಯಾರೆ ಕರೆದಂತೆ. 15ರಿಂದ 17ರವರೆಗೆ ಅಂಗಡಿ ತೆರೆದಿರುವ ಸಮಯ, ಶುಭಾಶಯ, ಅಷ್ಟೇ. 18ರ ನಂತರ ಉಳಿದ ಸರಕು, ಒಪ್ಪಿಗೆ ಕೊಟ್ಟ ಗಿರಾಕಿಗಳ ಹಬ್ಬದ ಫೋಟೊ. ಹೆಣ್ಣುಮಕ್ಕಳ ಫೋಟೊವನ್ನು ಕೇಳದೆ ಎಂದೂ ಹಾಕಬಾರದು. ಹನ್ನೆರಡರಲ್ಲಿ ಎರಡು ಸ್ಥಾನ ಖಾಲಿ ಬಿಡಬೇಕು, ದಿಢೀರನೆ ಬಂದ ಸರಕಿಗೆ. ಸಂತೆಯ ದಿನ ಪೋಸ್ಟ್ ಬೇಡ, ಅಂದು ಉತ್ತರ ಕೊಡಲು ಯಾರಿಗೂ ಬಿಡುವಿರುವುದಿಲ್ಲ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪೋಸ್ಟುಗಳನ್ನು ಮೆಟಾ ಬ್ಯುಸಿನೆಸ್ ಸೂಟ್ ಎಂಬ ಉಚಿತ ಆ್ಯಪ್‌ನಲ್ಲಿ ವಾರಕ್ಕೊಮ್ಮೆ ಕೂತು ಶೆಡ್ಯೂಲ್ ಮಾಡಿಟ್ಟರೆ ಕರೆಂಟ್ ಹೋದರೂ ಹೇಳಿದ ಹೊತ್ತಿಗೆ ಬೀಳುತ್ತವೆ. ಸ್ಟೇಟಸ್ ಮಾತ್ರ ಕೈಯಿಂದಲೇ ಹಾಕಬೇಕು, 24 ಗಂಟೆಯಲ್ಲಿ ಅಳಿದುಹೋಗುತ್ತದೆ. ಅಲ್ಲಿಗೆ ಹೊಸ ಫೋಟೊ ಬೇಡ, ಅದೇ ಫೋಟೊ ಸಾಕು. ಆದರೆ ಗಿರಾಕಿ ನಿಮ್ಮ ನಂಬರನ್ನು, ನೀವು ಅವರ ನಂಬರನ್ನು ಸೇವ್ ಮಾಡಿಕೊಂಡಿರದಿದ್ದರೆ ಸ್ಟೇಟಸ್ ಅವರಿಗೆ ಕಾಣುವುದೇ ಇಲ್ಲ. ಬಿಲ್ ಕೊಡುವಾಗಲೇ ಕೇಳಿ ಸೇವ್ ಮಾಡಿಸಬೇಕು.

ನೋಟ್‌ಬುಕ್ಕಿನಲ್ಲಿ ತಾರೀಖು, ಬಟ್ಟೆಯ ನಂಬರ್, ಹಾಕುವವರು ಯಾರು ಎಂಬ ಮೂರು ಕಾಲಂ ಜೊತೆಗೆ ನಾಲ್ಕನೆಯದು ಬೇಕು: ಕೇಳಿದವರೆಷ್ಟು, ಬಂದವರೆಷ್ಟು, ಮಾರಿದ್ದೆಷ್ಟು. ನೋಡಿದವರು ಬಹಳ, ಕೇಳಿದವರಿಲ್ಲ ಎಂದರೆ ಬೆಲೆಯೋ ಬಟ್ಟೆಯೋ ಹಿಡಿಸಿಲ್ಲ. ಕೇಳಿದವರು ಬಹಳ, ಬಂದವರಿಲ್ಲ ಎಂದರೆ ಉತ್ತರ ತಡವಾಗಿದೆ. ಬಂದು ನೋಡಿ ಹೋದರೆ ಫೋಟೊದ ಬಣ್ಣ ತಪ್ಪಿದೆ. ಮಾರಾಟವಾದ ಸೀರೆಯ ಪೋಸ್ಟಿಗೆ ಅದೇ ಸಂಜೆ ‘ಮುಗಿದಿದೆ’ ಎಂದು ಬರೆಯಬೇಕು, ಇಲ್ಲವಾದರೆ ಜೇವರ್ಗಿಯಿಂದ ಬಸ್ ಹಿಡಿದು ಬಂದವರು ಬರಿಗೈಲಿ ಹೋಗುತ್ತಾರೆ. ಟೇಲರ್ ಜ್ವರ ಬಂದು ಮಲಗಿದರೆ ಯಾವ ಪಟ್ಟಿಯೂ ನಿಲ್ಲದು. ಅಂದೇ ಕೊನೆಯ ದಿನಾಂಕ ಹಿಂದಕ್ಕೆ ತಂದು ಎಲ್ಲರಿಗೂ ತಿಳಿಸಬೇಕು.

ಪಂಚಮಿಯ ಬೆನ್ನಿಗೇ ಸೆಪ್ಟೆಂಬರ್ 14ರಂದು ಗಣೇಶ ಚೌತಿ ಇದೆ. ಅದರ ಪಟ್ಟಿಗೆ ಕೂರುವ ಮೊದಲು ಟೇಲರನ್ನು ಒಂದೇ ಮಾತು ಕೇಳಿ: ದಿನಕ್ಕೆ ಎಷ್ಟು ಹೊಲಿಯುತ್ತೀರಿ? ಆ ಉತ್ತರ ಸಿಕ್ಕ ಮೇಲೆಯೇ ಮೊದಲ ತಾರೀಖು ಬರೆಯಿರಿ.