ಪತ್ತನಾಜೆ ಕಳೆಯಲಿ, ಡಾಕ್ಟ್ರೇ

ನವೆಂಬರಿನ ಒಂದು ಸಂಜೆ ನನ್ನ ಕುರ್ಚಿಯಲ್ಲಿ ಬಂದು ಕೂತವರು ಯಕ್ಷಗಾನ ಮೇಳವೊಂದರ ಭಾಗವತರು. ಎಡಗಡೆ ಕೆಳದವಡೆಯ ಬುದ್ಧಿಹಲ್ಲು ಅರ್ಧ ಹೊರಗೆ, ಅರ್ಧ ವಸಡಿನೊಳಗೆ. ಮೇಲೆ ಮುಚ್ಚಿಕೊಂಡ ವಸಡಿನಡಿಗೆ ಅನ್ನದಗುಳು ಸೇರಿ, ಒಂದೇ ವರ್ಷದಲ್ಲಿ ಮೂರನೇ ಸಲ ಊದಿಕೊಂಡಿತ್ತು. ಹೊರಗೆ ಅವರ ಹೆಂಡತಿ ಆಗಲೇ ಫಾರ್ಮ್ ಕೈಗೆತ್ತಿಕೊಂಡು, "ಸೈನ್ ಎಲ್ಲಿ ಹಾಕ್ಬೇಕು?" ಎಂದು ಕೇಳುತ್ತಿದ್ದರು.

ಆ ಸಹಿಯಿಂದ ಏನೂ ಆಗುವುದಿಲ್ಲ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರ ಬದಲಿಗೆ ಗಂಡ, ಹೆಂಡತಿ, ತಾಯಿ ಯಾರೂ ಒಪ್ಪಿಗೆ ಕೊಡಲಾರರು. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು ತಪ್ಪು ಎಂದಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲುವುದಿಲ್ಲ. ಹಲ್ಲಿಗೂ ಇದೇ ನ್ಯಾಯ: ಹುಳುಕು ತುಂಬಿಸಲು ಒಪ್ಪಿದವರ ಹಲ್ಲನ್ನು, ಬಾಯಿ ತೆರೆದೇ ಇದೆಯಲ್ಲ ಎಂದು ಕಿತ್ತುಬಿಡುವಂತಿಲ್ಲ.

ಭಾಗವತರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಕೆಳದವಡೆಯ ಮೂಳೆಯೊಳಗೆ ನರವೊಂದು ಸಣ್ಣ ಕೊಳವೆಯಲ್ಲಿ ಹರಿಯುತ್ತದೆ; ಚಿತ್ರದಲ್ಲಿ ಆ ಕೊಳವೆಯ ಎರಡು ಅಂಚು ಬಿಳಿ ಗೆರೆಗಳಾಗಿ ಕಾಣುತ್ತವೆ. ಅವರ ಹಲ್ಲಿನ ಬೇರು ಹಾಯುವಲ್ಲಿ ಮೇಲಿನ ಗೆರೆ ಕಡಿದುಹೋಗಿತ್ತು, ಬೇರು ಅಲ್ಲೇ ಕಪ್ಪಿಟ್ಟಿತ್ತು. ಬೇರೂ ನರವೂ ತಾಗಿಕೊಂಡಿರಬಹುದು ಎಂಬುದರ ಸೂಚನೆ ಅದು. ಕೀಳುವಾಗ ನರಕ್ಕೆ ಪೆಟ್ಟಾದರೆ ಕೆಳದುಟಿ, ಗಲ್ಲ ಜೋಮು ಹಿಡಿಯುತ್ತವೆ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಕಾಯಂ ಉಳಿಯುವುದು ಒಟ್ಟಾರೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದರೆ ಇಂಥ ಚಿತ್ರವಿದ್ದವರಿಗೆ ಅಪಾಯ ಅದಕ್ಕಿಂತ ಹೆಚ್ಚು. ಹಲ್ಲಿನ ಒಳಬದಿಯಲ್ಲಿ ನಾಲಿಗೆಯ ನರವೂ ಇದೆ.

ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂರುವವರಿಗೆ ನಾಲ್ಕು ತಿಂಗಳ ಜೋಮು ಕಿರಿಕಿರಿ, ಅಷ್ಟೇ. ರಾತ್ರಿ ಬೆಳಗಾಗುವವರೆಗೆ ಪದ ಹೇಳುವ ನಾಲಿಗೆಗೆ ಅದು ಅನ್ನದ ಪ್ರಶ್ನೆ. ಏನನ್ನು ವಿವರಿಸಬೇಕು ಎಂಬುದು ಹಲ್ಲಿನಿಂದಷ್ಟೇ ತೀರ್ಮಾನವಾಗುವುದಿಲ್ಲ, ಹಲ್ಲಿನ ಯಜಮಾನರನ್ನೂ ನೋಡಬೇಕು. ಅಚ್ಚುಹಾಕಿದ ಫಾರ್ಮು ಸೋಲುವುದು ಇಲ್ಲೇ.

ಬೇರೆ ದಾರಿಗಳನ್ನೂ ಹೇಳಿದೆ. ಸಿಬಿಸಿಟಿ ಸ್ಕ್ಯಾನ್ ಮಾಡಿಸಿ ನರದ ಜಾಗವನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಬಹುದು. ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆದು ಬೇರನ್ನು ಅಲ್ಲೇ ಬಿಡಬಹುದು. ನರಕ್ಕೆ ಅಪಾಯ ಕಡಿಮೆ, ಆದರೆ ಮುಂದೊಂದು ದಿನ ಬೇರು ಮೇಲೆದ್ದು ಬಂದರೆ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಏನೂ ಮಾಡದಿದ್ದರೆ ಊತ ಮರುಕಳಿಸಬಹುದು, ಪಕ್ಕದ ಹಲ್ಲೂ ಹುಳುಕಾಗಬಹುದು. ಒಂದೊಂದರ ಖರ್ಚನ್ನೂ ಹೇಳಿದೆ. ಇಷ್ಟೆಲ್ಲ ಇಂಜೆಕ್ಷನ್‌ಗೆ ಮೊದಲೇ, ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ. ಮಲಗಿ ಬಾಯಿ ತೆರೆದವರು ಏನಂತ ಪ್ರಶ್ನೆ ಕೇಳಿಯಾರು?

"ಈಗ ಬೇಡ. ಪತ್ತನಾಜೆ ಕಳೆಯಲಿ, ಡಾಕ್ಟ್ರೇ," ಎಂದರು. ಮೇ ಕೊನೆಗೆ ತಿರುಗಾಟ ಮುಗಿಯುವವರೆಗೆ ಬೇಡ.

"ಏನು ಅರ್ಥವಾಯ್ತು ಅಂತ ನೀವೇ ಒಮ್ಮೆ ಹೇಳಿ, ಭಾಗವತರೇ." ಅವರು ಒಪ್ಪವಾಗಿ ಹೇಳಿದರು. ಹಾಗಾದ ಮೇಲೆ ಬೇಡವೆನ್ನುವುದು ಅವರ ಹಕ್ಕು. ಅದನ್ನು ಕೇಳಿ ಮುಖ ಊದಿಸಿಕೊಳ್ಳುವ ವೈದ್ಯರು ನಮ್ಮಲ್ಲಿ ಕಡಿಮೆಯೇನಲ್ಲ. ನಾನೂ ಒಂದು ಕಾಲಕ್ಕೆ ಹಾಗೇ ಇದ್ದೆ.

ಬೇಡವೆಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ವಸಡಿನಡಿಯನ್ನು ತೊಳೆದು, ಮನೆಯಲ್ಲಿ ತೊಳೆಯುವ ಬಗೆ ತೋರಿಸಿದೆ. ತಿರುಗಾಟಕ್ಕಿರಲಿ ಎಂದು ಅವರು ಕೇಳಿದ ಆಂಟಿಬಯಾಟಿಕ್ ಸ್ಟ್ರಿಪ್‌ಗಳನ್ನು ಮಾತ್ರ ಕೊಡಲಿಲ್ಲ. ಜ್ವರವಿಲ್ಲ, ಊತ ಹರಡಿಲ್ಲ. ರೋಗಿ ಬೇಡ ಎನ್ನಬಹುದಾದಂತೆ, ಸಲ್ಲದ್ದನ್ನು ಕೇಳಿದಾಗ ವೈದ್ಯರೂ ಬೇಡ ಎನ್ನಬಹುದು. ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ದವಡೆಯ ಕೆಳಗೆ ಕುತ್ತಿಗೆಗೆ ಊತ ಇಳಿದರೆ, ಆಟ ಎಲ್ಲೇ ಇರಲಿ, ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಉಸಿರಿನ ದಾರಿಯೇ ಮುಚ್ಚಬಹುದು.

ಆಮೇಲೆ ಬರೆದಿಟ್ಟೆ. "ರೋಗಿ ನಿರಾಕರಿಸಿದ್ದಾರೆ" ಎಂಬ ಒಂದು ಸಾಲು ಯಾರಿಗೂ ಉಪಯೋಗಕ್ಕೆ ಬಾರದು. ಎಕ್ಸ್‌ರೇಯಲ್ಲಿ ಕಂಡದ್ದು, ಕೊಟ್ಟ ಸಲಹೆ, ಹೇಳಿದ ಅಪಾಯಗಳು, ಬೇರೆ ದಾರಿಗಳು, ಅವರು ಕೊಟ್ಟ ಕಾರಣ ಅವರದೇ ಮಾತಿನಲ್ಲಿ, ಎಚ್ಚರಿಕೆಯ ಲಕ್ಷಣಗಳು, ಮತ್ತೆ ಬರಬೇಕಾದ ದಿನ. ಕನ್ನಡದಲ್ಲೇ ಬರೆದು ಓದಿ ಹೇಳಿದೆ, ಸಹಿ ಹಾಕಿದರು. ಸಹಿಯನ್ನೂ ಒಲ್ಲೆನೆಂದಿದ್ದರೆ ಅದನ್ನೇ ಹೊತ್ತುಗೊತ್ತಿನೊಂದಿಗೆ ಬರೆದು, ಎದುರಿದ್ದ ನರ್ಸ್ ಸಹಿ ಪಡೆಯುತ್ತಿದ್ದೆ. ತಪ್ಪಾಗಿ ಬರೆದದ್ದನ್ನು ಒಂದು ಗೆರೆ ಎಳೆದು ತಿದ್ದುವುದು ಕ್ರಮ. ಆಮೇಲೆ ನೆನಪಾದದ್ದನ್ನು ಅಂದಿನ ತಾರೀಕು ಹಾಕಿಯೇ ಸೇರಿಸಬೇಕು.

ಜೂನ್ ಮೊದಲ ವಾರ ಅವರೇ ಬಂದರು. ನವೆಂಬರಿನ ಮಾತು ಹಳತಾಗಿತ್ತು, ಹೊಸ ಎಕ್ಸ್‌ರೇ ಬೇಕಾಯಿತು. ಅಷ್ಟರಲ್ಲಿ ಹಲ್ಲಿಗೆ ಹುಳುಕು ಹತ್ತಿ ಒಳಗಿನ ತಿರುಳಿಗೇ ಇಳಿದಿತ್ತು. ಬೇರು ಉಳಿಸುವ ದಾರಿ ಮುಚ್ಚಿತ್ತು. ಅದನ್ನು ಹೇಳಿ, ಕುರ್ಚಿಯನ್ನು ಮತ್ತೆ ನೆಟ್ಟಗೆ ಮಾಡಿ, ಮೊದಲಿಂದ ಶುರು ಮಾಡಿದೆ. ಅವರು ಕೇಳಿದ್ದು ಒಂದೇ: "ಮುಂದಿನ ತಿರುಗಾಟಕ್ಕೆ ಎಷ್ಟು ತಿಂಗಳಿದೆ, ಲೆಕ್ಕ ಹಾಕಿ ನೋಡಿ."