ಜಾಮೀನು ಸಿಕ್ಕವರೂ ಒಳಗೇ ಇದ್ದಾರೆ



ಜೈಲುಗಳು ಕಿಕ್ಕಿರಿದಿವೆ, ಹೊಸದು ಕಟ್ಟಬೇಕು ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ವಾರ್ಡರ್ ಆಗಿ ನಿವೃತ್ತನಾದ ನನಗೆ ಕಾಣುವುದು ಬೇರೆ. ಒಳಗಿರುವವರಲ್ಲಿ ಎಷ್ಟೋ ಮಂದಿ ಅಲ್ಲಿರಬೇಕಾದವರೇ ಅಲ್ಲ. 2022ರ ಕೊನೆಯ ಲೆಕ್ಕದಂತೆ ದೇಶದ ಕೈದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ.

ಸಂಜೆ ತಲೆ ಎಣಿಸಿ ಬ್ಯಾರಕ್‌ಗೆ ಬೀಗ ಹಾಕುವುದು ನಮ್ಮ ಕೆಲಸ. ಜನ ಹೆಚ್ಚಾದಾಗ ಅಂಗಾತ ಮಲಗಲು ಜಾಗವಿರುವುದಿಲ್ಲ, ಎಲ್ಲರೂ ಒಂದೇ ಮಗ್ಗುಲಿಗೆ ತಿರುಗಿ ಮಲಗುತ್ತಾರೆ. ಹೊಸಬನಿಗೆ ಉಳಿಯುವುದು ಕಕ್ಕಸಿನ ಬಾಗಿಲ ಪಕ್ಕದ ಜಾಗ. ಒಬ್ಬನಿಗೆ ಕಜ್ಜಿ ಹತ್ತಿದರೆ ಇಡೀ ಸಾಲಿಗೆ ಹತ್ತುತ್ತದೆ.

ಅಲ್ಲೇ ಒಬ್ಬ ಗಾರೆ ಕೆಲಸದ ಹುಡುಗನಿದ್ದ. ಮೊಬೈಲ್ ಕದ್ದ ಆರೋಪ, ಅದೇ ಮೊದಲ ಕೇಸು. ಕೋರ್ಟು ಜಾಮೀನು ಕೊಟ್ಟಿತ್ತು, ಆದರೆ ಒಬ್ಬ ಸ್ಥಳೀಯ ಜಾಮೀನುದಾರ ಬೇಕೆಂದಿತ್ತು. ಕೂಲಿಗೆ ಬಂದವನಿಗೆ ಆ ಊರಲ್ಲಿ ಪಹಣಿ ಹಿಡಿದು ಬರುವವರು ಯಾರು? ಆದೇಶದ ಪ್ರತಿಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಕಾದ.

ಇಂಥವರಿಗೆ ಈಗ ದಾರಿಗಳಿವೆ. ಜಾಮೀನು ಸಿಕ್ಕ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಸ್ಥಳೀಯ ಜಾಮೀನಿನ ಷರತ್ತೇ ಬಿಡುಗಡೆ ತಡವಾಗಲು ಒಂದು ಕಾರಣ ಎಂಬುದನ್ನೂ ಗುರುತಿಸಿ, ಅಂಥ ಕಡೆ ಆ ಷರತ್ತು ಹಾಕದಿರಬಹುದು ಎಂದಿದೆ.

ಇನ್ನೊಂದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಾಂಡ್ ಮೇಲೆ ಬಿಡಬೇಕು. ಸಾದಾ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ. ಅಂದರೆ ಆ ಹುಡುಗನಂಥವನಿಗೆ ಒಂದು ವರ್ಷವೇ ಗಡಿ. ಅರ್ಜಿಯನ್ನು ಅವನು ಹಾಕಬೇಕಿಲ್ಲ, ಅಧೀಕ್ಷಕರೇ ಕೋರ್ಟಿಗೆ ಬರೆಯಬೇಕು. ಹಳೆಯ ಕೇಸುಗಳಿಗೂ ಇದು ಅನ್ವಯಿಸುತ್ತದೆಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಸಲ್ಲದು. ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದರೂ ಸಿಗದು. ಬಡವರ ಮೇಲೆ ಎರಡು ಮೂರು ಸಣ್ಣ ಕೇಸುಗಳು ಒಟ್ಟಿಗೇ ಬೀಳುವುದನ್ನು ಕಂಡವನಾಗಿ ಈ ಕೊನೆಯ ಷರತ್ತು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರತಿಯೊಬ್ಬನ ಹೆಸರಿನೆದುರು ಒಳಬಂದ ದಿನ, ಗರಿಷ್ಠ ಶಿಕ್ಷೆ, ಬಿಡುಗಡೆಗೆ ಅರ್ಹನಾಗುವ ದಿನ ಬರೆದ ಪಟ್ಟಿಯೊಂದು ಪ್ರತಿ ಜೈಲಿನಲ್ಲೂ ವಾರವಾರ ತಯಾರಾಗಲಿ. ಬ್ಯಾರಕ್‌ನ ಗೋಡೆಗೂ ಅದನ್ನು ಅಂಟಿಸಲಿ. ಓದುಗರಲ್ಲಿ ಯಾರ ಮನೆಯವರಾದರೂ ಹೀಗೆ ಒಳಗಿದ್ದರೆ 15100ಕ್ಕೆ ಕರೆಮಾಡಿ ಕೇಳಿ. ಕಾನೂನು ಸೇವಾ ಪ್ರಾಧಿಕಾರ ಕೊಡುವ ವಕೀಲರಿಗೆ ನೀವು ಹಣ ಕೊಡಬೇಕಾಗಿಲ್ಲ.

ಇಂತಿ,
ಒಬ್ಬ ನಿವೃತ್ತ ಜೈಲು ವಾರ್ಡರ್