ಎರಡು ಸಲ ಓದಿಸಿಕೊಳ್ಳುವ ಆಮಂತ್ರಣ

ವಸ್ತುಪ್ರದರ್ಶನದ ಆಮಂತ್ರಣದ ಇಮೇಲನ್ನು ಗ್ರಾಹಕರು ಎರಡು ಸಲ ಓದುತ್ತಾರೆ. ಮೊದಲ ಸಲ ಕಚೇರಿಯಲ್ಲಿ, ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು. ಎರಡನೆಯ ಸಲ ಪ್ರದರ್ಶನದ ಗೇಟಿನಲ್ಲಿ ನಿಂತು, ಮೊಬೈಲಿನಲ್ಲಿ, ಸ್ಟಾಲ್ ಎಲ್ಲಿದೆ ಎಂದು ಹುಡುಕಲು. ಹೆಚ್ಚಿನ ಪತ್ರಗಳು ಮೊದಲ ಓದಿಗಷ್ಟೇ ಸಿದ್ಧವಾಗಿರುತ್ತವೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆ ತುಮಕೂರು ರಸ್ತೆಯ ಬಿಐಇಸಿಯಲ್ಲಿ ಸ್ಟಾಲ್ ಹಾಕಿ, ಹೊಸ ಫಿಕ್ಸ್‌ಚರ್ ಒಂದನ್ನು ತೋರಿಸಲಿದೆ ಎಂದುಕೊಳ್ಳೋಣ. 'ನಮ್ಮ ಸ್ಟಾಲಿಗೆ ಆದರದ ಸ್ವಾಗತ' ಎಂಬ ವಿಷಯ ಸಾಲಿನಿಂದ ಗ್ರಾಹಕರಿಗೆ ಏನೂ ತಿಳಿಯುವುದಿಲ್ಲ. 'ಜನವರಿ 23, ಶುಕ್ರವಾರ, ಬಿಐಇಸಿ: ಹೊಸ ಫಿಕ್ಸ್‌ಚರ್ ನೋಡಲು ಬನ್ನಿ, ಹಾಲ್ 3, ಸ್ಟಾಲ್ ಬಿ-114' ಎಂದಿದ್ದರೆ ಪತ್ರ ತೆರೆಯುವ ಮೊದಲೇ ಅರ್ಧ ಕೆಲಸ ಮುಗಿಯಿತು. ಒಳಗಿನ ಮೊದಲ ಎರಡು ವಾಕ್ಯ ಗ್ರಾಹಕರ ಲಾಭದ ಬಗ್ಗೆ ಇರಲಿ: ಯಾವ ಕೆಲಸದಲ್ಲಿ ಈ ಫಿಕ್ಸ್‌ಚರ್ ಸಮಯ ಉಳಿಸುತ್ತದೆ, ಅದನ್ನು ಓಡಿಸಿ ತೋರಿಸುವುದು ಎಷ್ಟು ಗಂಟೆಗೆ.

ಆಮೇಲೆ ದಾರಿ. ಹುಬ್ಬಳ್ಳಿಯಿಂದ ಯಶವಂತಪುರದಲ್ಲಿ ರೈಲಿಳಿಯುವವರಿಗೆ ಬರೀ 'ಬಿಐಇಸಿ, ತುಮಕೂರು ರಸ್ತೆ' ಸಾಲದು. ಮೆಟ್ರೊ ಹಸಿರು ಮಾರ್ಗ 2024ರ ನವೆಂಬರಿನಿಂದ ನಾಗಸಂದ್ರ ದಾಟಿ ಮಾದಾವರದವರೆಗೆ ಹೋಗುತ್ತದೆ. ಹಾಗಾಗಿ, 'ಯಶವಂತಪುರದಲ್ಲಿ ಮಾದಾವರದ ಮೆಟ್ರೊ ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿಯಿರಿ, ನಡುವೆ ಗಾಡಿ ಬದಲಿಸಬೇಕಿಲ್ಲ' ಎಂಬ ಒಂದೇ ಸಾಲು ಅವರನ್ನು ತುಮಕೂರು ರಸ್ತೆಯ ಟ್ರಾಫಿಕ್ಕಿನಿಂದ ಪಾರುಮಾಡುತ್ತದೆ. ಕಾರಿನಲ್ಲಿ ಬರುವವರಿಗೆ ಯಾವ ಗೇಟು, ಪಾರ್ಕಿಂಗ್ ಎಲ್ಲಿ ಎಂಬುದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಅನೇಕರು ಸಿಕ್ಕಿಕೊಳ್ಳುವುದು ಪ್ರವೇಶದಲ್ಲಿ. ಸ್ಟಾಲಿನವರು ಕರೆದ ಮಾತ್ರಕ್ಕೆ ಆಯೋಜಕರು ಒಳಗೆ ಬಿಡುವುದಿಲ್ಲ. ಸಾಮಾನ್ಯವಾಗಿ ಸಂದರ್ಶಕರು ಮೊದಲೇ ನೋಂದಾಯಿಸಿ ಬ್ಯಾಡ್ಜ್ ಪಡೆದಿರಬೇಕು. ನೋಂದಣಿಯ ಲಿಂಕು, ಅದರ ಕೊನೆಯ ದಿನ, ಶುಲ್ಕ ಇದೆಯೇ, ಗುರುತಿನ ಚೀಟಿ ಬೇಕೇ, ಇವನ್ನು ಆಯೋಜಕರ ನಿಯಮ ನೋಡಿ ಬರೆಯಬೇಕು.

ಈ ವಿವರಗಳನ್ನು ಬಣ್ಣದ ಪೋಸ್ಟರಿನೊಳಗೆ ಮಾತ್ರ ಹಾಕುವುದು ದೊಡ್ಡ ತಪ್ಪು. ಕೆಲವು ಇಮೇಲ್‌ಗಳಲ್ಲಿ ಅನುಮತಿ ಕೊಡುವ ತನಕ ಚಿತ್ರ ತೆರೆದುಕೊಳ್ಳುವುದಿಲ್ಲ. ಜನ ತುಂಬಿದ ಹಾಲಿನಲ್ಲಿ ನೆಟ್‌ವರ್ಕ್ ಕೈಕೊಟ್ಟರಂತೂ ಭಾರದ ಪಿಡಿಎಫ್ ಇಳಿಯುವುದೇ ಇಲ್ಲ. ದಿನಾಂಕ, ಹಾಲ್, ಸ್ಟಾಲ್ ಸಂಖ್ಯೆ, ಸ್ಟಾಲಿನಲ್ಲೇ ಇರುವವರ ಮೊಬೈಲ್ ಸಂಖ್ಯೆ ಅಕ್ಷರಗಳಲ್ಲೇ ಇರಲಿ. ಕಚೇರಿಯ ಲ್ಯಾಂಡ್‌ಲೈನ್ ಕೊಟ್ಟರೆ, ಎಲ್ಲರೂ ಪ್ರದರ್ಶನಕ್ಕೆ ಹೋದ ದಿನ ಅದನ್ನು ಎತ್ತುವವರಿರುವುದಿಲ್ಲ.

ಕೊನೆಯಲ್ಲಿ 'ಬರುವಿರಾ?' ಎಂದು ಕೇಳುವ ಬದಲು '11 ಗಂಟೆಯೋ, 3 ಗಂಟೆಯೋ?' ಎಂದು ಕೇಳಿ. ಉತ್ತರಿಸುವುದು ಸುಲಭ, ನಿಮಗೂ ಯಾರು ಯಾವಾಗ ಬರುತ್ತಾರೆಂದು ತಿಳಿಯುತ್ತದೆ. ಮೂರು ವಾರ ಮೊದಲು ಪೂರ್ಣ ಪತ್ರ, ಹಿಂದಿನ ದಿನ ಅದೇ ವಿವರಗಳ ನಾಲ್ಕು ಸಾಲಿನ ನೆನಪೋಲೆ. ಗೇಟಿನಲ್ಲಿ ನಿಂತವರ ಇನ್‌ಬಾಕ್ಸಿನಲ್ಲಿ ಥಟ್ಟನೆ ಸಿಗುವುದು ಆ ಎರಡನೆಯದೇ.